ಇಳಿಜಾರಿನ ಮುಖ, ಹಿಲ್‌ಶೇಡ್ ಮತ್ತು ಬೆಟ್ಟದ ಮಣ್ಣಿನ ತೇವಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಎತ್ತರದ ರಾಸ್ಟರ್‌ನಿಂದ, ಅಂದರೆ ಪ್ರತಿ ಚೌಕದಲ್ಲೂ ನೆಲದ ಎತ್ತರವಿರುವ ಜಾಲರಿಯಿಂದ, ಇಳಿಜಾರಿನ ಮುಖವನ್ನು ಲೆಕ್ಕ ಹಾಕುವುದು, ಬೆಳಕು-ನೆರಳಿನ ನಕ್ಷೆಯಾದ ಹಿಲ್‌ಶೇಡ್ ತಯಾರಿಸುವುದು, ಇವೆರಡರ ನೆರವಿನಿಂದ ಒಂದೇ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಮಣ್ಣಿನ ತೇವ ಏಕೆ ಬೇರೆ ಬೇರೆಯಾಗಿರುತ್ತದೆ ಎಂಬುದನ್ನು ವಿವರಿಸುವುದು ಈ ಪುಟದ ವಿಷಯ. ಉದಾಹರಣೆಗೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಸುತ್ತಣ ಪ್ರದೇಶವನ್ನು ಆರಿಸಿಕೊಂಡಿದ್ದೇವೆ. ಬಾಬಾಬುಡನ್‌ಗಿರಿ ಸಾಲು ಕುದುರೆ ಲಾಳದಂತೆ ಬಾಗಿರುವುದರಿಂದ ಎಲ್ಲ ದಿಕ್ಕುಗಳಿಗೂ ಮುಖ ಮಾಡಿದ ಇಳಿಜಾರುಗಳು ಅಲ್ಲಿ ಹತ್ತಿರ ಹತ್ತಿರದಲ್ಲೇ ಸಿಗುತ್ತವೆ. ಅಲ್ಲಿನ ಅಕ್ಷಾಂಶ ಸುಮಾರು 13.4 ಡಿಗ್ರಿ ಉತ್ತರ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಉತ್ತರಗಳಲ್ಲಿ ಬಹುಪಾಲು ಇದನ್ನೇ ಆಧರಿಸಿವೆ.

## ಇಳಿಜಾರಿನ ಕೋನಕ್ಕೂ ಇಳಿಜಾರಿನ ಮುಖಕ್ಕೂ ಇರುವ ವ್ಯತ್ಯಾಸವೇನು?

ನೆಲ ಎಷ್ಟು ಕಡಿದಾಗಿದೆ ಎಂಬುದನ್ನು ಕೋನ ಹೇಳುತ್ತದೆ. ಅದು ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು ಮುಖ ಹೇಳುತ್ತದೆ. ತಂತ್ರಾಂಶಗಳಲ್ಲಿ ಆಸ್ಪೆಕ್ಟ್ ಎಂದು ಕರೆಯುವುದು ಇದನ್ನೇ. ನಿಂತ ಜಾಗದಲ್ಲಿ ನೀರು ಸುರಿದರೆ ಅದು ಹರಿಯುವ ದಿಕ್ಕೇ ಆ ಜಾಗದ ಮುಖ. ಸಾಮಾನ್ಯವಾಗಿ ಉತ್ತರವನ್ನು 0 ಎಂದು ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸುತ್ತಾರೆ. ಆಗ ಪೂರ್ವ 90, ದಕ್ಷಿಣ 180, ಪಶ್ಚಿಮ 270 ಆಗುತ್ತದೆ. ಜಿಡಿಎಎಲ್ ತಂತ್ರಾಂಶದ `gdaldem` ಇದೇ ಕ್ರಮವನ್ನು ಅನುಸರಿಸುತ್ತದೆ. ಆದರೆ ಗ್ರಾಸ್ ತಂತ್ರಾಂಶದ `r.slope.aspect` ತಾನಾಗಿಯೇ ಪೂರ್ವದಿಂದ ಆರಂಭಿಸಿ ಗಡಿಯಾರಕ್ಕೆ ವಿರುದ್ಧವಾಗಿ ಎಣಿಸುತ್ತದೆ, ಹಾಗಾಗಿ ಅದರಲ್ಲಿ 90 ಎಂದರೆ ಉತ್ತರ. ಎರಡು ತಂತ್ರಾಂಶಗಳ ಫಲಿತಾಂಶಗಳನ್ನು ಬೆರೆಸುವವರು ತಮಗೆ ಚೆನ್ನಾಗಿ ಗೊತ್ತಿರುವ ಒಂದು ಇಳಿಜಾರಿನ ಮೇಲೆ ಬೆರಳಿಟ್ಟು, ಸಂಖ್ಯೆ ಸರಿಯಾದ ದಿಕ್ಕನ್ನು ಹೇಳುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

## ಯಾವ ದತ್ತಾಂಶದಿಂದ ಆರಂಭಿಸಬೇಕು, ಅದನ್ನು ಹೇಗೆ ಸಿದ್ಧಪಡಿಸಬೇಕು?

2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ, ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರ್ ಮಾದರಿ, ಇಸ್ರೋದ ಕಾರ್ಟೊಡೆಮ್ ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದು. ಮುಳ್ಳಯ್ಯನಗಿರಿ ಎಸ್‌ಆರ್‌ಟಿಎಂನ `N13E075` ಹಾಳೆಯಲ್ಲಿದೆ.

ಈ ಹಾಳೆಯಲ್ಲಿ ಎತ್ತರವು ಮೀಟರುಗಳಲ್ಲಿರುತ್ತದೆ, ಆದರೆ ಪಿಕ್ಸೆಲ್‌ನ ಅಗಲವು ಡಿಗ್ರಿಗಳಲ್ಲಿರುತ್ತದೆ. ಹಾಗೆಯೇ ಲೆಕ್ಕ ಹಾಕಿದರೆ, ತಂತ್ರಾಂಶವು ಪಿಕ್ಸೆಲ್‌ನ ಅಗಲ 0.00028 ಮೀಟರ್ ಎಂದು ತಿಳಿದುಕೊಂಡು, ಗದ್ದೆ ಬಯಲನ್ನೂ 90 ಡಿಗ್ರಿಗೆ ಹತ್ತಿರದ ಗೋಡೆಯೆಂದು ತೋರಿಸಬಹುದು. ಇಳಿಜಾರಿನ ನಕ್ಷೆ ಇಡಿಯಾಗಿ ಒಂದೇ ಬಣ್ಣಕ್ಕೆ ತಿರುಗಿದ್ದರೆ ಕಾರಣ ಬಹುತೇಕ ಇದೇ. ಆದ್ದರಿಂದ ರಾಸ್ಟರನ್ನು ಮೊದಲು ಮೀಟರ್ ಅಳತೆಯ ಪ್ರಕ್ಷೇಪಕ್ಕೆ ತರಬೇಕು. ಮುಳ್ಳಯ್ಯನಗಿರಿಯೂ ಸೇರಿದಂತೆ 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕಿರುವ ಕರ್ನಾಟಕದ ಭಾಗಕ್ಕೆ ಅದು ಯುಟಿಎಂನ 43ನೇ ಉತ್ತರ ವಲಯ.

```
gdalwarp -t_srs EPSG:32643 -tr 30 30 -r bilinear N13E075.hgt mg.tif
gdaldem slope mg.tif slope.tif
gdaldem aspect mg.tif aspect.tif
```

ಮೊದಲ ಸಾಲಿನ `-r bilinear` ಎಂಬುದನ್ನು ಬಿಡಬಾರದು. ಅದಿಲ್ಲದಿದ್ದರೆ ಪ್ರತಿ ಹೊಸ ಚೌಕವೂ ಹತ್ತಿರದ ಹಳೆಯ ಚೌಕದ ಎತ್ತರವನ್ನು ಹಾಗೆಯೇ ನಕಲು ಮಾಡಿಕೊಳ್ಳುತ್ತದೆ. ಅಲ್ಲಲ್ಲಿ ಒಂದು ಸಾಲು ಎರಡು ಸಲ ಬರುತ್ತದೆ ಇಲ್ಲವೇ ಬಿಟ್ಟುಹೋಗುತ್ತದೆ. ಎತ್ತರದ ನಕ್ಷೆಯಲ್ಲಿ ಇದು ಕಣ್ಣಿಗೆ ಬೀಳದೇ ಇರಬಹುದು, ಆದರೆ ಹಿಲ್‌ಶೇಡ್‌ನಲ್ಲಿ ಸಮಾನ ಅಂತರದ ಗೀರುಗಳಾಗಿ ಎದ್ದು ಕಾಣುತ್ತದೆ. ದತ್ತಾಂಶದ ಇಂತಹ ದೋಷಗಳನ್ನು ಹಿಡಿಯಲು ಹಿಲ್‌ಶೇಡ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಆ ಒಂದು ಕಾರಣಕ್ಕಾದರೂ ಅದನ್ನು ಮೊದಲೇ ತಯಾರಿಸಿ ನೋಡುವುದು ಒಳಿತು.

## ಒಂದು ಪಿಕ್ಸೆಲ್‌ನ ಕೋನ ಮತ್ತು ಮುಖವನ್ನು ಕೈಯಿಂದಲೇ ಲೆಕ್ಕ ಹಾಕಿ ತೋರಿಸಬಹುದೇ?

ಖಂಡಿತ. ಒಮ್ಮೆಯಾದರೂ ಹೀಗೆ ಮಾಡಿದವರಿಗೆ ಮುಂದೆ ಬರುವ ತಪ್ಪುಗಳ ಮೂಲ ತಾನಾಗಿಯೇ ಹೊಳೆಯುತ್ತದೆ. `gdaldem` ಸಾಮಾನ್ಯವಾಗಿ ಬಳಸುವುದು ಹಾರ್ನ್ 1981ರಲ್ಲಿ ಪ್ರಕಟಿಸಿದ ವಿಧಾನವನ್ನು. ಅದರಲ್ಲಿ ನಡುವಿನ ಚೌಕದ ಸುತ್ತಣ ಎಂಟು ಚೌಕಗಳ ಎತ್ತರಗಳನ್ನು ತೆಗೆದುಕೊಂಡು, ನೇರ ಪಕ್ಕದವುಗಳಿಗೆ ಎರಡು ಪಟ್ಟು ಹಾಗೂ ಮೂಲೆಯವುಗಳಿಗೆ ಒಂದು ಪಟ್ಟು ತೂಕ ಕೊಡುತ್ತಾರೆ. ಲೆಕ್ಕಕ್ಕಾಗಿ, 30 ಮೀಟರ್ ಅಗಲದ ಚೌಕಗಳ ಎತ್ತರ ಮೀಟರುಗಳಲ್ಲಿ ಹೀಗಿದೆ ಎಂದುಕೊಳ್ಳೋಣ. ಮೇಲಿನ ಸಾಲು ಉತ್ತರ, ಬಲಗಡೆ ಪೂರ್ವ.

```
1520  1526  1531
1506  1512  1518
1493  1498  1505
```

ಪೂರ್ವದ ಕಂಬಸಾಲಿನ ಮೊತ್ತ 1531 + 2×1518 + 1505 = 6072. ಪಶ್ಚಿಮದ್ದು 1520 + 2×1506 + 1493 = 6025. ಇವೆರಡರ ವ್ಯತ್ಯಾಸವಾದ 47ನ್ನು 8×30, ಅಂದರೆ 240ರಿಂದ ಭಾಗಿಸಿದರೆ 0.196 ಬರುತ್ತದೆ: ಪೂರ್ವದ ಕಡೆಗೆ ಪ್ರತಿ ಮೀಟರಿಗೂ ನೆಲ ಸುಮಾರು 20 ಸೆಂಟಿಮೀಟರ್ ಏರುತ್ತದೆ. ಅದೇ ರೀತಿ ಉತ್ತರದ ಸಾಲಿನ ಮೊತ್ತ 6103, ದಕ್ಷಿಣದ ಸಾಲಿನದು 5994. ವ್ಯತ್ಯಾಸ 109, ಭಾಗಿಸಿದಾಗ 0.454. ಉತ್ತರಕ್ಕೆ ನೆಲ ಇನ್ನೂ ಕಡಿದಾಗಿ ಏರುತ್ತದೆ ಎಂದಾಯಿತು. ಈ ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 0.495, ಇದು ಇಳಿಜಾರಿನ ಟ್ಯಾನ್ ಬೆಲೆಯಾದ್ದರಿಂದ ಕೋನ 26.3 ಡಿಗ್ರಿ. ನೆಲವು ಉತ್ತರಕ್ಕೂ ಸ್ವಲ್ಪ ಪೂರ್ವಕ್ಕೂ ಏರುವುದರಿಂದ, ಇಳಿಯುವುದು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ಸರಿದು. ದಕ್ಷಿಣದಿಂದ ಅದು ಸರಿಯುವ ಕೋನದ ಟ್ಯಾನ್ ಬೆಲೆ 0.196/0.454, ಅಂದರೆ 23.3 ಡಿಗ್ರಿ, 180ಕ್ಕೆ ಇದನ್ನು ಕೂಡಿಸಿದರೆ ಮುಖ 203.3 ಡಿಗ್ರಿ.

ನಡುವಿನ ಚೌಕದ 1512 ಎಂಬ ಎತ್ತರ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ಅಂದರೆ ರಾಸ್ಟರ್‌ನಲ್ಲಿ ಓದುವ ಮುಖವು ಒಂದು ಬಿಂದುವಿನದಲ್ಲ, ಸುಮಾರು 90 ಮೀಟರ್ ಅಗಲದ ಒಂದು ತುಣುಕು ನೆಲದ್ದು. ಅದಕ್ಕಿಂತ ಚಿಕ್ಕದಾದ ಹಳ್ಳ, ದಿಬ್ಬ, ಬದು ಯಾವುದೂ ಈ ಲೆಕ್ಕಕ್ಕೆ ಸಿಗುವುದಿಲ್ಲ.

## ಹಿಲ್‌ಶೇಡ್‌ನಲ್ಲಿ ಬರುವ 315 ಮತ್ತು 45 ಎಂಬ ಸಂಖ್ಯೆಗಳು ಎಲ್ಲಿಂದ ಬಂದವು?

ಹಿಲ್‌ಶೇಡ್ ಎಂದರೆ, ಹೇಳಿದ ದಿಕ್ಕಿನಿಂದ ಹೇಳಿದ ಎತ್ತರದಲ್ಲಿ ಬೆಳಕು ಬಂದರೆ ಪ್ರತಿ ಚೌಕವೂ ಎಷ್ಟು ಬೆಳಗುತ್ತದೆ ಎಂಬ ಲೆಕ್ಕ. ಬೆಳಕಿನ ಕಿರಣಕ್ಕೂ ನೆಲದ ಲಂಬಕ್ಕೂ ನಡುವಣ ಕೋನದ ಕೊಸೈನ್ ಬೆಲೆಯೇ ಅದರ ತಿರುಳು:

```
cos(i) = cos(Z)·cos(S) + sin(Z)·sin(S)·cos(A − M)
```

ಇಲ್ಲಿ `Z` ನೆತ್ತಿಯಿಂದ ಸೂರ್ಯನಿಗಿರುವ ಕೋನ, `S` ಇಳಿಜಾರಿನ ಕೋನ, `A` ಸೂರ್ಯನ ದಿಕ್ಕು, `M` ಇಳಿಜಾರಿನ ಮುಖ. ಬಂದ ಬೆಲೆಯನ್ನು ಸುಮಾರು 255ರವರೆಗಿನ ಬೂದು ಛಾಯೆಯಾಗಿ ಹಿಗ್ಗಿಸುತ್ತಾರೆ. ಋಣ ಬೆಲೆ ಬಂದರೆ ಅದು ಕಪ್ಪು.

ತಂತ್ರಾಂಶಗಳು ತಾವಾಗಿಯೇ ಹಿಡಿಯುವ 315 ಡಿಗ್ರಿ, ಅಂದರೆ ವಾಯವ್ಯ ದಿಕ್ಕು, ನಕ್ಷೆ ಬಿಡಿಸುವವರ ಸಂಪ್ರದಾಯ. ಮೇಲ್ಭಾಗದ ಎಡಗಡೆಯಿಂದ ಬೆಳಕು ಬಿದ್ದಾಗ ನಮ್ಮ ಕಣ್ಣು ಉಬ್ಬನ್ನು ಉಬ್ಬಾಗಿಯೇ ನೋಡುತ್ತದೆ. ಕೆಳಗಿನಿಂದ ಬೆಳಕು ಬಿದ್ದರೆ ಬೆಟ್ಟವು ಕಣಿವೆಯಂತೆಯೂ ಕಣಿವೆಯು ಬೆಟ್ಟದಂತೆಯೂ ತಿರುಗಿ ಕಾಣುತ್ತದೆ. ನಮ್ಮ ಮೇಲಿನ ಚೌಕಕ್ಕೆ ಈ ಬೆಳಕಿನಲ್ಲಿ 0.518, ಅಂದರೆ 132ರ ಆಸುಪಾಸಿನ ಒಂದು ನಡುಬೂದು ಸಿಗುತ್ತದೆ. ಆ ಸಂಖ್ಯೆಗೂ ಮಣ್ಣಿಗೆ ಬೀಳುವ ಬಿಸಿಲಿಗೂ ಸಂಬಂಧವೇ ಇಲ್ಲ. ಸಾಮಾನ್ಯ ಹಿಲ್‌ಶೇಡ್‌ನಲ್ಲಿ ಕಪ್ಪಾಗಿ ಕಂಡ ಮಗ್ಗುಲನ್ನು ನೆರಳಿನ, ತೇವದ ಮಗ್ಗುಲು ಎಂದು ಓದುವುದು ದೊಡ್ಡ ತಪ್ಪು. 315ರ ಬೆಳಕಿನಲ್ಲಿ ಕಪ್ಪಾಗುವುದು ಆಗ್ನೇಯಕ್ಕೆ ಮುಖ ಮಾಡಿದ ಇಳಿಜಾರು, ಮತ್ತು ಡಿಸೆಂಬರಿನ ಬೆಳಗಿನ ಬಿಸಿಲು ನೇರವಾಗಿ ಬೀಳುವುದು ಅದರ ಮೇಲೆಯೇ.

## ಹಾಗಾದರೆ ನಿಜವಾದ ಸೂರ್ಯನನ್ನು ಹಿಲ್‌ಶೇಡ್‌ಗೆ ಕೊಡುವುದು ಹೇಗೆ?

ಮಧ್ಯಾಹ್ನದ ಸೂರ್ಯನಿಗೆ ಲೆಕ್ಕ ಸುಲಭ. ಡಿಸೆಂಬರ್ 21ರ ಸುಮಾರಿಗೆ, ದಕ್ಷಿಣಾಯನದ ಕೊನೆಯಲ್ಲಿ, ಸೂರ್ಯ 23.4 ಡಿಗ್ರಿ ದಕ್ಷಿಣ ಅಕ್ಷಾಂಶದ ನೆತ್ತಿಯ ಮೇಲಿರುತ್ತಾನೆ. ಮುಳ್ಳಯ್ಯನಗಿರಿಯಿಂದ ನೋಡಿದರೆ ಅವನು ನೆತ್ತಿಯಿಂದ 13.4 + 23.4 = 36.8 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ದಿಗಂತದಿಂದ ಎತ್ತರ 53.2 ಡಿಗ್ರಿ. ಜೂನ್ 21ರಂದು ಅವನು ನಮ್ಮ ನೆತ್ತಿಯನ್ನು ದಾಟಿ 10 ಡಿಗ್ರಿಯಷ್ಟು ಉತ್ತರಕ್ಕೆ ಹೋಗಿರುತ್ತಾನೆ. ಆಗ ದಿಕ್ಕು 0, ಎತ್ತರ 80.

```
gdaldem hillshade -az 180 -alt 53.2 mg.tif hs_dec.tif
gdaldem hillshade -az 0 -alt 80 mg.tif hs_jun.tif
```

ನಮ್ಮ 203 ಡಿಗ್ರಿ ಮುಖದ ಚೌಕವನ್ನೂ, ಅದೇ ಕೋನದಲ್ಲಿ ಬೆನ್ನು ತಿರುಗಿಸಿ 23 ಡಿಗ್ರಿಗೆ ಮುಖ ಮಾಡಿದ ಇನ್ನೊಂದು ಚೌಕವನ್ನೂ ಹೋಲಿಸೋಣ. ಡಿಸೆಂಬರ್ ಮಧ್ಯಾಹ್ನದಲ್ಲಿ ಮೊದಲನೆಯದಕ್ಕೆ ಸಿಗುವುದು 0.96, ಎರಡನೆಯದಕ್ಕೆ 0.47, ಸಮತಟ್ಟಾದ ನೆಲಕ್ಕೆ 0.80. ಅಂದರೆ ದಕ್ಷಿಣದ ಮಗ್ಗುಲಿಗೆ ಉತ್ತರದ ಮಗ್ಗುಲಿನ ಎರಡು ಪಟ್ಟು ನೇರ ಬಿಸಿಲು. ಜೂನ್ ಮಧ್ಯಾಹ್ನದಲ್ಲಿ ಲೆಕ್ಕ ತಿರುಗುತ್ತದೆ: ದಕ್ಷಿಣದ ಮಗ್ಗುಲಿಗೆ 0.81, ಉತ್ತರದ್ದಕ್ಕೆ 0.95. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಾಗ ಎರಡಕ್ಕೂ ಒಂದೇ ಬೆಲೆ, 0.90.

ನಮ್ಮ ನಾಡಿನ ಇಳಿಜಾರುಗಳ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಉತ್ತರದ ಇಳಿಜಾರು ಯಾವಾಗಲೂ ತಂಪು, ದಕ್ಷಿಣದ್ದು ಯಾವಾಗಲೂ ಒಣ ಎಂಬ ಪಠ್ಯಪುಸ್ತಕದ ನಿಯಮ ಬಂದಿರುವುದು ಯುರೋಪು, ಉತ್ತರ ಅಮೆರಿಕಗಳಂತಹ ಕಡೆಗಳಿಂದ. ಅಲ್ಲಿ ವರ್ಷದ ಯಾವ ಮಧ್ಯಾಹ್ನದಲ್ಲೂ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ನಮ್ಮಲ್ಲಿ ಅವನು ಎರಡೂ ಕಡೆಗೆ ಹೋಗಿಬರುತ್ತಾನೆ. ಆದರೂ ಅವನು ಉತ್ತರಕ್ಕಿರುವ ತಿಂಗಳುಗಳ ಬಹುಭಾಗ ಮುಂಗಾರಿನ ಮೋಡದ ಕಾಲ. ಅವನು ದಕ್ಷಿಣಕ್ಕಿರುವುದು ಮಳೆ ನಿಂತು ಆಕಾಶ ತಿಳಿಯಾದ ಮೇಲೆ. ಹೀಗಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ನೆಲ ಒಣಗುವ ಕಾಲದಲ್ಲಿ ಇಳಿಜಾರಿನ ಮುಖಕ್ಕೆ ನಿಜವಾದ ಬಲ ಬರುತ್ತದೆ.

ಡಿಸೆಂಬರಿನ ಹಿಲ್‌ಶೇಡ್‌ನಲ್ಲಿ ಬೆಳಕು ನಕ್ಷೆಯ ಕೆಳಗಡೆಯಿಂದ ಬರುವುದರಿಂದ ಬೆಟ್ಟಗಳು ಗುಂಡಿಗಳಂತೆ ಕಾಣಬಹುದು. ಅದನ್ನು ಚಿತ್ರವೆಂದು ನೋಡದೆ ಅಳತೆಯೆಂದು ಓದಬೇಕು. ನೋಡುವುದಕ್ಕೆ 315ರ ನಕ್ಷೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು.

## ಒಂದು ಮಧ್ಯಾಹ್ನದ ಲೆಕ್ಕ ಸಾಕೇ?

ಸಾಲದು, ಆದರೆ ಇಡೀ ದಿನದ ಲೆಕ್ಕಕ್ಕೆ ಒಂದು ಚೆಲುವಾದ ದಾರಿಯಿದೆ. ನೇರ ಉತ್ತರಕ್ಕೆ 26.3 ಡಿಗ್ರಿ ವಾಲಿದ ನೆಲವು, ಕೋನದ ಮಟ್ಟಿಗೆ, ಅಷ್ಟೇ ಡಿಗ್ರಿ ಉತ್ತರಕ್ಕೆ ಹೋದ ಸಮತಟ್ಟಾದ ನೆಲಕ್ಕೆ ಸಮಾನಾಂತರವಾಗಿರುತ್ತದೆ. 13.4ಕ್ಕೆ 26.3 ಕೂಡಿಸಿದರೆ 39.7, ಬೀಜಿಂಗ್ ನಗರದ ಅಕ್ಷಾಂಶ ಹೆಚ್ಚುಕಡಿಮೆ ಇದೇ. ನೇರ ದಕ್ಷಿಣಕ್ಕೆ ಅಷ್ಟೇ ವಾಲಿದ ನೆಲವು 12.9 ಡಿಗ್ರಿ ದಕ್ಷಿಣ ಅಕ್ಷಾಂಶದ ಬಯಲಿಗೆ ಸಮಾನಾಂತರ. ಒಂದೇ ಗುಡ್ಡದ ಎರಡು ಮಗ್ಗುಲುಗಳು ಡಿಸೆಂಬರಿನಲ್ಲಿ ಒಂದು ಚಳಿಗಾಲವನ್ನೂ ಇನ್ನೊಂದು ಬೇಸಿಗೆಯನ್ನೂ ಸೂರ್ಯಕಿರಣದ ಕೋನದಲ್ಲಿ ಅನುಭವಿಸುತ್ತವೆ.

ವಾತಾವರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬರೀ ಜ್ಯಾಮಿತಿಯಿಂದ ಡಿಸೆಂಬರ್ 21ರ ಒಟ್ಟು ಮೊತ್ತ ತೆಗೆದರೆ ದಕ್ಷಿಣದ ಇಳಿಜಾರಿಗೆ ಚದರ ಮೀಟರಿಗೆ ಸುಮಾರು 40 ಮೆಗಾಜೂಲ್, ಸಮತಟ್ಟಿಗೆ 29, ಉತ್ತರದ ಇಳಿಜಾರಿಗೆ 14 ಬರುತ್ತದೆ. ಜೂನ್ 21ಕ್ಕೆ ಉತ್ತರದ್ದು 41, ದಕ್ಷಿಣದ್ದು 28. ಚಳಿಗಾಲದ ಅಂತರ ಸುಮಾರು ಮೂರು ಪಟ್ಟು, ಮಳೆಗಾಲದ್ದು ಒಂದೂವರೆ ಪಟ್ಟು. ನೆಲ ಮುಟ್ಟುವ ನಿಜವಾದ ಶಕ್ತಿ ಇದಕ್ಕಿಂತ ಕಡಿಮೆ, ಅಂತರವೂ ಇಷ್ಟು ದೊಡ್ಡದಿರುವುದಿಲ್ಲ, ಏಕೆಂದರೆ ಆಕಾಶದ ಎಲ್ಲ ಭಾಗಗಳಿಂದಲೂ ಚದುರಿ ಬರುವ ಬೆಳಕು ಎರಡೂ ಮಗ್ಗುಲುಗಳಿಗೆ ಹೆಚ್ಚುಕಡಿಮೆ ಸಮನಾಗಿ ಸಿಗುತ್ತದೆ.

ಇನ್ನೊಂದು ಕೊರತೆಯನ್ನೂ ಗಮನಿಸಬೇಕು. `gdaldem hillshade` ಪ್ರತಿ ಚೌಕದ ವಾಲಿಕೆಯನ್ನು ಮಾತ್ರ ನೋಡುತ್ತದೆ. ಎದುರಿನ ಬೆಟ್ಟದ ನೆರಳು ಅದರ ಮೇಲೆ ಬೀಳುವುದೇ ಎಂಬುದನ್ನು ನೋಡುವುದಿಲ್ಲ. ಜಾಗರ ಕಣಿವೆಯಂತೆ ಎತ್ತರದ ಸಾಲುಗಳ ನಡುವೆ ಇರುವ ಜಾಗಗಳಲ್ಲಿ ಬೆಳಗಿನ ಮತ್ತು ಸಂಜೆಯ ಲೆಕ್ಕ ಇದರಿಂದ ತಪ್ಪುತ್ತದೆ. ಅಂತಹ ಕಡೆ ಗ್ರಾಸ್‌ನ `r.horizon` ಮತ್ತು `r.sun` ಬಳಸಿ, ಬೀಳುವ ನೆರಳನ್ನೂ ಚದುರಿದ ಬೆಳಕನ್ನೂ ಸೇರಿಸಿ ದಿನದ ಮೊತ್ತವನ್ನು ತೆಗೆಯಬೇಕು.

## ಬಿಸಿಲು ಎರಡು ಪಟ್ಟಾದರೆ ತೇವಾಂಶ ಅರ್ಧಕ್ಕೆ ಇಳಿಯುತ್ತದೆಯೇ?

ಇಲ್ಲ. ಬಿಸಿಲು ನಿರ್ಧರಿಸುವುದು ಮಣ್ಣು ಒಣಗುವ ವೇಗವನ್ನು, ಅದೂ ಒಂದು ಭಾಗವನ್ನು ಮಾತ್ರ. ಗಾಳಿ, ಗಾಳಿಯ ಬಿಸುಪು, ಅದರಲ್ಲಿರುವ ತೇವ, ಗಿಡಗಳ ಬೇರು ಇವೆಲ್ಲಕ್ಕೂ ಅದರಲ್ಲಿ ಪಾಲಿದೆ.

ಮಳೆ ನಿಂತಾಗ ಎರಡೂ ಮಗ್ಗುಲುಗಳ ಬೇರಿನ ವಲಯದಲ್ಲಿ ಗಿಡಗಳಿಗೆ ಸಿಗುವ ನೀರು 100 ಮಿಲಿಮೀಟರಿನಷ್ಟಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ದಕ್ಷಿಣದ ಮಗ್ಗುಲಿನಿಂದ ದಿನಕ್ಕೆ 3.5 ಮಿಲಿಮೀಟರ್, ಉತ್ತರದ ಮಗ್ಗುಲಿನಿಂದ 2.5 ಮಿಲಿಮೀಟರ್ ಆರಿಹೋದರೆ ಮೊದಲನೆಯದು 29 ದಿನಗಳಲ್ಲಿ, ಎರಡನೆಯದು 40 ದಿನಗಳಲ್ಲಿ ಬರಿದಾಗುತ್ತದೆ. ಮೊದಲ ವಾರದ ಕೊನೆಯಲ್ಲಿ ಅಳೆದರೆ 75.5 ಮತ್ತು 82.5 ಉಳಿದಿರುತ್ತದೆ, ಈ ವ್ಯತ್ಯಾಸ ಅಳತೆಯ ದೋಷದಲ್ಲೇ ಮುಚ್ಚಿಹೋಗಬಹುದು. ನಾಲ್ಕನೆಯ ವಾರದ ಕೊನೆಯಲ್ಲಿ 2 ಮತ್ತು 30. ನಂತರ ಎರಡೂ ಒಣಗಿ ಮತ್ತೆ ಹತ್ತಿರವಾಗುತ್ತವೆ. ನಿಜವಾದ ಮಣ್ಣಿನಲ್ಲಿ, ನೀರು ಕಡಿಮೆಯಾದಂತೆ ಆರುವ ವೇಗವೂ ತಗ್ಗುವುದರಿಂದ ಈ ರೇಖೆಗಳು ಬಾಗುತ್ತವೆ; ಆದರೂ ಆಕಾರ ಹೀಗೆಯೇ ಇರುತ್ತದೆ. ಮುಖದ ಪರಿಣಾಮವು ಮಳೆ ನಿಂತ ಕೂಡಲೇ ಕಾಣುವುದಿಲ್ಲ, ಕಡು ಬೇಸಿಗೆಯಲ್ಲೂ ಅಷ್ಟಾಗಿ ಕಾಣುವುದಿಲ್ಲ. ನಡುವಿನ ವಾರಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

## ಮಳೆಗಾಲದಲ್ಲಿ ಮುಖಕ್ಕಿಂತ ಹಳ್ಳ-ದಿಣ್ಣೆಗಳೇ ಹೆಚ್ಚು ಮುಖ್ಯವೆನ್ನುತ್ತಾರೆ, ನಿಜವೇ?

ನಿಜ. ಮಣ್ಣು ನೀರಿನಿಂದ ತುಂಬಿದ್ದಾಗ ನೀರು ಮಣ್ಣಿನೊಳಗೇ ಇಳಿಜಾರಿನ ಉದ್ದಕ್ಕೂ ಜಿನುಗುತ್ತಾ ಕೆಳಗಿಳಿಯುತ್ತದೆ, ಮತ್ತು ನಾಲ್ಕೂ ಕಡೆಯಿಂದ ನೆಲ ಕೂಡುವ ತಗ್ಗುಗಳಲ್ಲಿ ಸೇರುತ್ತದೆ. ಆ ಕಾಲದಲ್ಲಿ ಒಂದು ಜಾಗದ ತೇವವನ್ನು ನಿರ್ಧರಿಸುವುದು ಅದರ ಮೇಲ್ಗಡೆಯಿಂದ ಎಷ್ಟು ನೆಲದ ನೀರು ಅಲ್ಲಿಗೆ ಬರುತ್ತದೆ ಎಂಬುದು. ಇದನ್ನು ಅಳೆಯಲು ಬೆವೆನ್ ಮತ್ತು ಕಿರ್ಕ್‌ಬಿ 1979ರಲ್ಲಿ ಕೊಟ್ಟ ಸೂಚ್ಯಂಕ ಈಗಲೂ ಬಳಕೆಯಲ್ಲಿದೆ:

```
TWI = ln(a / tan S)
```

`a` ಎಂದರೆ, ಒಂದು ಮೀಟರ್ ಅಗಲಕ್ಕೆ ಮೇಲಿನಿಂದ ನೀರು ಕೊಡುವ ನೆಲದ ವಿಸ್ತೀರ್ಣ. ಎರಡು ಜಾಗಗಳೂ 15 ಡಿಗ್ರಿ ವಾಲಿವೆ, ಒಂದು ದಿಣ್ಣೆಯ ಹತ್ತಿರವಿದ್ದು ಅದಕ್ಕೆ `a` 60 ಮೀಟರ್, ಇನ್ನೊಂದು ತಗ್ಗಿನಲ್ಲಿದ್ದು ಅದಕ್ಕೆ 3000 ಮೀಟರ್ ಎಂದರೆ ಸೂಚ್ಯಂಕ ಕ್ರಮವಾಗಿ 5.4 ಮತ್ತು 9.3.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಟರಾವರ ಎಂಬ ಸಣ್ಣ ಜಲಾನಯನದಲ್ಲಿ 1990ರ ದಶಕದಲ್ಲಿ ನಡೆದ ಅಳತೆಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಒದ್ದೆ ಕಾಲದಲ್ಲಿ ತೇವದ ನಕ್ಷೆಯು ನೀರು ಕೂಡುವ ತಗ್ಗುಗಳನ್ನು ಅನುಸರಿಸುತ್ತಿತ್ತು. ಒಣ ಕಾಲದಲ್ಲಿ ಆ ವಿನ್ಯಾಸ ಅಳಿಸಿಹೋಗಿ, ಪ್ರತಿ ಜಾಗದ ತೇವವೂ ಆ ಜಾಗದ ಮಣ್ಣು, ಗಿಡ, ಬಿಸಿಲುಗಳನ್ನೇ ಅವಲಂಬಿಸಿತು. ಮಣ್ಣು ಒಣಗಿದಂತೆ ಅದರ ಮೂಲಕ ನೀರು ಸಾಗುವ ವೇಗ ತೀವ್ರವಾಗಿ ಕುಸಿಯುವುದರಿಂದ, ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಹಾಗಾಗಿ ವರ್ಷಕ್ಕೆಲ್ಲ ಒಂದೇ ತೇವಾಂಶ ನಕ್ಷೆಯನ್ನು ಮಾಡುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಮುಂಗಾರಿಗೆ ತಗ್ಗುಗಳ ನಕ್ಷೆ, ಅದು ಕಳೆದ ಮೇಲೆ ಬಿಸಿಲಿನ ನಕ್ಷೆ ಎಂದು ಎರಡಾಗಿ ಇಟ್ಟುಕೊಳ್ಳುವುದೇ ಪ್ರಾಮಾಣಿಕ ದಾರಿ.

## ಪಶ್ಚಿಮದ ಇಳಿಜಾರು ಪೂರ್ವದ್ದಕ್ಕಿಂತ ಒಣಗಿರಬೇಕಲ್ಲವೇ?

ಬಿಸಿಲಿನ ಒಟ್ಟು ಮೊತ್ತ ಎರಡಕ್ಕೂ ಸಮವೇ. ಆದರೆ ಪಶ್ಚಿಮಕ್ಕೆ ಬಿಸಿಲು ಬೀಳುವಾಗ ಗಾಳಿ ಆಗಲೇ ಕಾದು ಒಣಗಿರುತ್ತದೆ, ಪೂರ್ವಕ್ಕೆ ಬಿಸಿಲು ಬೀಳುವಾಗ ಅದರ ಒಂದು ಪಾಲು ಇಬ್ಬನಿ ಆರಿಸುವುದರಲ್ಲೇ ಕಳೆಯುತ್ತದೆ. ಅಷ್ಟಕ್ಕೇ ನಿಂತರೆ ಪ್ರಶ್ನೆಯಲ್ಲಿನ ಮಾತು ಸರಿ. ಪಶ್ಚಿಮ ಘಟ್ಟದಲ್ಲಿ ಮಾತ್ರ ಮುಂಗಾರು ಬರುವುದು ಪಶ್ಚಿಮದಿಂದಲೇ. ಗಾಳಿಗೆ ಎದುರಾದ ಮಗ್ಗುಲು ಹೆಚ್ಚು ಮಳೆಯನ್ನು ಪಡೆದು ಹೆಚ್ಚಿನ ತೇವದೊಂದಿಗೆ ಒಣ ಕಾಲಕ್ಕೆ ಕಾಲಿಡುತ್ತದೆ. ಈ ಎರಡು ಕಾರಣಗಳು ಪರಸ್ಪರ ವಿರುದ್ಧವಾಗಿ ಎಳೆಯುವುದರಿಂದ, ಪೂರ್ವ-ಪಶ್ಚಿಮದ ವ್ಯತ್ಯಾಸವನ್ನು ರಾಸ್ಟರ್ ನೋಡಿ ಊಹಿಸದೆ ಅಳೆದೇ ತಿಳಿಯಬೇಕು.

## ಒಂದು ತೋಟದ ಸರಾಸರಿ ಮುಖವನ್ನು ತೆಗೆದರೆ ವಿಚಿತ್ರ ಉತ್ತರ ಬರುತ್ತದೆ, ಏಕೆ?

ದಿಕ್ಕು ಸುತ್ತಿ ಬರುವ ಅಳತೆ. 350 ಮತ್ತು 10 ಎರಡೂ ಉತ್ತರವೇ, ಆದರೆ ಅವುಗಳ ಸರಾಸರಿ 180, ಅಂದರೆ ನೇರ ದಕ್ಷಿಣ. ಆದ್ದರಿಂದ ಮುಖವನ್ನು ಮೊದಲು ಉತ್ತರದ ಪಾಲು ಮತ್ತು ಪೂರ್ವದ ಪಾಲು ಎಂದು ಕೊಸೈನ್, ಸೈನ್‌ಗಳಾಗಿ ಒಡೆಯಬೇಕು. ಇಳಿಜಾರಿನ ಕೋನದ ಸೈನ್‌ನಿಂದಲೂ ಗುಣಿಸಿದರೆ ಇನ್ನೂ ಒಳ್ಳೆಯದು. ಆಗ 2 ಡಿಗ್ರಿ ವಾಲಿದ ನೆಲವೂ 30 ಡಿಗ್ರಿ ವಾಲಿದ ನೆಲವೂ ಒಂದೇ ತೂಕ ಪಡೆಯುವುದು ತಪ್ಪುತ್ತದೆ.

```
gdal_calc.py -A slope.tif -B aspect.tif --type=Float32 \
  --calc="sin(radians(A))*cos(radians(B))" --outfile=north.tif
```

ಈ ಬೆಲೆ ನೇರ ಉತ್ತರದ ಕಡಿದಾದ ಇಳಿಜಾರಿಗೆ ಹೆಚ್ಚಿನ ಧನ ಸಂಖ್ಯೆ, ದಕ್ಷಿಣದ್ದಕ್ಕೆ ಋಣ ಸಂಖ್ಯೆ. ಇದನ್ನು ಸರಾಸರಿ ಮಾಡಬಹುದು, ತೇವಾಂಶದ ಅಳತೆಯೊಂದಿಗೆ ಹೋಲಿಸಲೂಬಹುದು.

ಸಮತಟ್ಟಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎಸ್‌ಆರ್‌ಟಿಎಂ ಎತ್ತರಗಳು ಪೂರ್ಣ ಮೀಟರುಗಳಲ್ಲಿರುತ್ತವೆ. ಪಕ್ಕದ ಒಂದು ಚೌಕ 1 ಮೀಟರ್ ಹೆಚ್ಚುಕಡಿಮೆಯಾದರೆ, 26 ಡಿಗ್ರಿಯ ಇಳಿಜಾರಿನಲ್ಲಿ ಮುಖ ಹೆಚ್ಚೆಂದರೆ 1 ಡಿಗ್ರಿ ತಿರುಗುತ್ತದೆ; 1 ಡಿಗ್ರಿಯ ಇಳಿಜಾರಿನಲ್ಲಿ ಅದೇ ದೋಷಕ್ಕೆ ಮುಖ 28 ಡಿಗ್ರಿಯವರೆಗೆ ತಿರುಗಬಹುದು. ಕಣಿವೆಯ ತಳದಲ್ಲಿ ಬಣ್ಣ ಬಣ್ಣದ ಚುಕ್ಕೆಗಳು ಚೆಲ್ಲಿದಂತೆ ಕಂಡರೆ ಅವು ದಿಕ್ಕುಗಳಲ್ಲ, ದೋಷಗಳು.

## ಕಾಡಿನ ಅಂಚಿನಲ್ಲಿ ಇಳಿಜಾರಿನ ಮುಖ ನಂಬಿಕೆಗೆ ಅರ್ಹವೇ?

ಅಲ್ಲ, ಮತ್ತು ಬಾಬಾಬುಡನ್‌ಗಿರಿಯಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಎಸ್‌ಆರ್‌ಟಿಎಂ ಮತ್ತು ಕೋಪರ್ನಿಕಸ್ ಎರಡೂ ರೇಡಾರಿನಿಂದ ಬಂದವು. ದಟ್ಟ ಮರಗಳಿರುವಲ್ಲಿ ಅವು ನೆಲವನ್ನಲ್ಲ, ಮರಗಳ ಹರವಿನೊಳಗಿನ ಯಾವುದೋ ಎತ್ತರವನ್ನು ಅಳೆಯುತ್ತವೆ. ಅಲ್ಲಿ ಹುಲ್ಲಿನ ಬೋರೆಗಳ ಮಧ್ಯೆ ತಗ್ಗುಗಳಲ್ಲಿ ಶೋಲಾ ಕಾಡು ನಿಂತಿದೆ, ಕೆಳಗೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳಿವೆ. ಪೂರ್ತಿ ಸಮತಟ್ಟಾದ ನೆಲದಲ್ಲಿ, ನಮ್ಮ ಮೂರು ಕಂಬಸಾಲುಗಳಲ್ಲಿ ಪೂರ್ವದ್ದು ಮಾತ್ರ 15 ಮೀಟರ್ ಎತ್ತರದ ಕಾಡಾಗಿದ್ದರೆ ಲೆಕ್ಕದಲ್ಲಿ 4×15 = 60ನ್ನು 240ರಿಂದ ಭಾಗಿಸಿದಂತಾಗಿ 0.25, ಅಂದರೆ 14 ಡಿಗ್ರಿಯ ಪಶ್ಚಿಮಾಭಿಮುಖ ಇಳಿಜಾರು ಹುಟ್ಟಿಕೊಳ್ಳುತ್ತದೆ. ಅಂತಹ ಇಳಿಜಾರು ನೆಲದ ಮೇಲೆ ಇಲ್ಲವೇ ಇಲ್ಲ.

ಇದನ್ನು ಗುರುತಿಸಲು ಹಿಲ್‌ಶೇಡನ್ನು ಉಪಗ್ರಹ ಚಿತ್ರದ ಮೇಲೆ ಹರಡಿ ನೋಡಬೇಕು. ಹಿಲ್‌ಶೇಡ್‌ನ ಮೆಟ್ಟಿಲಿನಂತಹ ಅಂಚು ಕಾಡಿನ ಅಂಚಿನೊಂದಿಗೆ ತಾಳೆಯಾದರೆ ಅದು ಮರಗಳ ಗುರುತು. ಕೋಪರ್ನಿಕಸ್ ಮಾದರಿಯಿಂದ ಮರ, ಕಟ್ಟಡಗಳನ್ನು ಕಳೆದು ಮಾಡಿದ `FABDEM` ಈ ದೋಷವನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿಯಾಗಿ ಅಲ್ಲ. ಮಾದರಿ ಯಾವುದೇ ಇರಲಿ, ಅಂಚಿನಿಂದ ಎರಡು ಮೂರು ಚೌಕಗಳಷ್ಟು ಪಟ್ಟಿಯನ್ನು ವಿಶ್ಲೇಷಣೆಯಿಂದ ಹೊರಗಿಡುವುದು ಕ್ಷೇಮ.

## ಲೆಕ್ಕ ಸರಿಯಿದೆಯೇ ಎಂದು ನೆಲದ ಮೇಲೆ ಪರೀಕ್ಷಿಸುವುದು ಹೇಗೆ?

ಒಂದೇ ದಿಣ್ಣೆಯ ಉತ್ತರ ಮತ್ತು ದಕ್ಷಿಣದ ಮಗ್ಗುಲುಗಳಲ್ಲಿ ಜೋಡಿ ಜಾಗಗಳನ್ನು ಆರಿಸಬೇಕು. ಜೋಡಿಯ ಎರಡೂ ಜಾಗಗಳು ದಿಣ್ಣೆಯಿಂದ ಸಮಾನ ದೂರದಲ್ಲಿರಬೇಕು. ಕೋನ, ಮಣ್ಣಿನ ಆಳ ಮತ್ತು ಹೊದಿಕೆ ಒಂದೇ ಆಗಿರಬೇಕು. ಹುಲ್ಲಿನ ದಕ್ಷಿಣ ಮಗ್ಗುಲನ್ನು ಶೋಲಾದ ಉತ್ತರ ಮಗ್ಗುಲಿನೊಂದಿಗೆ ಹೋಲಿಸಿದರೆ ಸಿಗುವುದು ಮುಖದ ಪರಿಣಾಮವಲ್ಲ, ಮರಗಳದ್ದು. ತಗ್ಗಿನ ಸೂಚ್ಯಂಕವೂ ಹತ್ತಿರವಿರುವಂತೆ ನೋಡಿಕೊಂಡರೆ ಜಿನುಗು ನೀರಿನ ಪಾಲು ಬೇರೆಯಾಗಿ ನಿಲ್ಲುತ್ತದೆ.

ಮಣ್ಣನ್ನು ಮೇಲ್ಪದರದಿಂದ ಒಂದು ಮಾದರಿಯಾಗಿ, 30 ರಿಂದ 45 ಸೆಂಟಿಮೀಟರ್ ಆಳದಿಂದ ಇನ್ನೊಂದಾಗಿ ತೆಗೆದು ಮುಚ್ಚಿದ ಡಬ್ಬಿಯಲ್ಲಿ ತರಬೇಕು. ಮೇಲ್ಪದರ ನಿನ್ನೆಯ ಇಬ್ಬನಿಗೂ ಸ್ಪಂದಿಸುತ್ತದೆ. ವಾರಗಟ್ಟಲೆಯ ಬಿಸಿಲಿನ ಲೆಕ್ಕ ಕೆಳಗಿನ ಪದರದಲ್ಲಿ ಉಳಿದಿರುತ್ತದೆ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಡಬ್ಬಿಯ ತೂಕ ಕಳೆದು ಒದ್ದೆ ಮಣ್ಣು 118 ಗ್ರಾಂ, ಒಣ ಮಣ್ಣು 100 ಗ್ರಾಂ ಇದ್ದರೆ ತೂಕದ ಲೆಕ್ಕದಲ್ಲಿ ತೇವಾಂಶ ಶೇಕಡಾ 18.

ಈ ಶೇಕಡಾ 18 ಎಲ್ಲ ಮಣ್ಣಿನಲ್ಲೂ ಒಂದೇ ಪ್ರಮಾಣದ ನೀರಲ್ಲ. ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.1 ಗ್ರಾಂ ಇದ್ದರೆ ಗಾತ್ರದ ಲೆಕ್ಕದಲ್ಲಿ ಅದು ಸುಮಾರು 20, ಎಲೆಗೊಬ್ಬರ ತುಂಬಿದ ಹಗುರ ಮಣ್ಣಾಗಿ 0.8 ಗ್ರಾಂ ಇದ್ದರೆ 14ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಪ್ರತಿ ಜಾಗದಲ್ಲೂ ಗಾತ್ರ ಗೊತ್ತಿರುವ ಉಕ್ಕಿನ ಬಳೆಯಿಂದ ಒಂದು ಮಾದರಿ ತೆಗೆದು ಸಾಂದ್ರತೆಯನ್ನೂ ಅಳೆಯಬೇಕು. ಮಳೆ ನಿಂತ ಕೂಡಲೇ ಒಮ್ಮೆ, ಮೂರು ನಾಲ್ಕು ವಾರಗಳ ನಂತರ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಮಾದರಿ ತೆಗೆದರೆ ಅಂತರ ಬೆಳೆದು ಕುಗ್ಗುವುದು ಕಾಣುತ್ತದೆ. ಮೊದಲ ಅಳತೆಯಲ್ಲೇ ದೊಡ್ಡ ಅಂತರ ಕಂಡುಬಂದರೆ ಅದಕ್ಕೆ ಬಿಸಿಲು ಕಾರಣವಾಗಿರಲಾರದು; ಮಣ್ಣಿನ ಆಳ, ಜೇಡಿಯ ಪ್ರಮಾಣ ಅಥವಾ ಬಿದ್ದ ಮಳೆಯಲ್ಲೇ ವ್ಯತ್ಯಾಸವಿದೆ ಎಂದು ತಿಳಿದು, ಜೋಡಿಯನ್ನು ಬದಲಿಸಬೇಕು.